ಕಂಟೆಂಟ್ ಕ್ಯಾಲೆಂಡರ್ ಹಾಕುವುದು ಹೇಗೆ? ಒಂದು ಜಾಗ ಖಾಲಿ ಬಿಡಿ

ಯೂಟ್ಯೂಬ್ ಚಾನೆಲ್‌ನಲ್ಲಿ ಯಾವ ದಿನ ಯಾವ ವಿಡಿಯೊ ಅನ್ನುವ ಕ್ಯಾಲೆಂಡರ್ ಹಾಕಲು ಕೂತ ತಕ್ಷಣ ಐಡಿಯಾ ತುಂಬಿಸಲು ಹೋಗಬೇಡಿ. ವಾರಕ್ಕೆ ಎಷ್ಟು ಮಾಡಲು ಆಗುತ್ತದೆ ಅಂತ ಮೊದಲು ನೋಡಿ. ಸ್ಕ್ರಿಪ್ಟು, ಶೂಟಿಂಗು, ಎಡಿಟಿಂಗು ಎಲ್ಲಾ ಒಬ್ಬರೇ ಮಾಡುವುದಾದರೆ ವಾರಕ್ಕೆ ಎರಡು ವಿಡಿಯೊ ಸಾಕು.

ಮೊಬೈಲ್ ಫೋಟೊಗ್ರಫಿ ಚಾನೆಲ್ ಅಂತಲೇ ಇಟ್ಟುಕೊಳ್ಳಿ. ಸೋಮವಾರ ಒಂದು, ಗುರುವಾರ ಒಂದು. ನಾಲ್ಕು ವಾರಕ್ಕೆ 8 ಜಾಗ.

ನಾಲ್ಕೂ ಸೋಮವಾರ ಸರಣಿಗೆ ಕೊಡಿ. ವಿಷಯ, ರಾತ್ರಿ ಫೋಟೊ: ಫೋನ್ ಅಲುಗಾಡದಂತೆ ಹಿಡಿಯುವುದು, ಬೆಳಕಿನ ಹೊಂದಾಣಿಕೆ, ನೈಟ್ ಮೋಡ್, ಬೀದಿ ದೀಪದಲ್ಲಿ ಮುಖ ತೆಗೆಯುವುದು. ಶೀರ್ಷಿಕೆ 'ಭಾಗ 3' ಅಂತ ಶುರುವಾಗಬಾರದು. ಸರ್ಚ್ ಮಾಡಿ ಬಂದವರು ಮೊದಲೆರಡು ಭಾಗ ನೋಡಿರುವುದಿಲ್ಲ ಅಲ್ವಾ? ಪ್ರತಿ ಕಂತೂ ತಾನೇ ನಿಲ್ಲಬೇಕು. ನಾಲ್ಕೂ ಸ್ಕ್ರಿಪ್ಟ್ ಮುಗಿದು, ಎರಡು ಕಂತು ಶೂಟ್ ಆದ ಮೇಲೇ ಮೊದಲನೆಯದನ್ನು ಹಾಕಿ, ಇಲ್ಲದಿದ್ದರೆ ಮೂರನೇ ವಾರ ಒಂದು ಜ್ವರ ಬಂದರೂ ಸರಣಿ ಅರ್ಧಕ್ಕೆ ನಿಲ್ಲುತ್ತದೆ. ಕಂತಿನಿಂದ ಕಂತಿಗೆ ನೋಡುವವರು ಸ್ವಲ್ಪ ಇಳಿಯುವುದು ಸಹಜ. ಅದಕ್ಕೇ ನಾಲ್ಕಕ್ಕೆ ಮುಗಿಸಿ, ಸುಮ್ನೆ ಹತ್ತಕ್ಕೆ ಎಳೆಯಬೇಡಿ.

ಮೊದಲ ಮತ್ತು ಮೂರನೇ ಗುರುವಾರ ಖಾಯಂ ಅಂಕಣ: ವೀಕ್ಷಕರು ಕಳಿಸಿದ ಫೋಟೊ ಸರಿಮಾಡುವುದು. ಫೋಟೊ, ಅದರ ತಪ್ಪು, ತಿದ್ದುವ ರೀತಿ, ಕೊನೆಗೆ ಸರಿಯಾದ ಫೋಟೊ. ಈ ಕ್ರಮ ಬದಲಾಗುವುದಿಲ್ಲ, ಹಾಗಾಗಿ ತಯಾರಿ ಬೇಗ ಮುಗಿಯುತ್ತದೆ. ಎರಡನೇ ಗುರುವಾರ ಎವರ್‌ಗ್ರೀನ್ ವಿಷಯ, ಅಂದರೆ ಜನ ಯಾವಾಗಲೂ ಹುಡುಕುವಂಥದ್ದು: 'ಫೋಟೊ ಮಸುಕಾಗಿ ಬರುವುದು ಯಾಕೆ?'

ನಾಲ್ಕನೇ ಗುರುವಾರ ಖಾಲಿ. ಅದು ಟ್ರೆಂಡಿಂಗ್‌ಗೆ. ಆದರೆ ಟ್ರೆಂಡ್ ನಿಮ್ಮ ನಾಲ್ಕನೇ ವಾರಕ್ಕೆ ಕಾಯುವುದಿಲ್ಲ. ಮೊದಲ ವಾರವೇ ಹೊಸ ಫೋನ್ ಬಂತು ಅನ್ನಿ, ಆ ಗುರುವಾರದ ಅಂಕಣವನ್ನು ಖಾಲಿ ಜಾಗಕ್ಕೆ ತಳ್ಳಿ. ಸೋಮವಾರದ ಸರಣಿಯನ್ನು ಮಾತ್ರ ಮುಟ್ಟಬೇಡಿ. ಹೊಸ ಫೋನಿನ ಫೀಚರ್ ಪಟ್ಟಿ ಎಲ್ಲರೂ ಓದಿ ಹೇಳುತ್ತಾರೆ. ನೀವು ಅದರ ನೈಟ್ ಮೋಡ್ ಒಂದನ್ನೇ ಪರೀಕ್ಷಿಸಿ, ಕೊನೆಯಲ್ಲಿ ರಾತ್ರಿ ಫೋಟೊ ಸರಣಿಯ ಲಿಂಕ್ ಕೊಡಿ. ಆಗ ಟ್ರೆಂಡ್‌ಗೆ ಬಂದವರಲ್ಲಿ ಕೆಲವರಾದರೂ ಉಳಿಯುತ್ತಾರೆ. ಏನೂ ಟ್ರೆಂಡ್ ಬರಲಿಲ್ಲವೇ? ಮೊದಲೇ ಮಾಡಿಟ್ಟ ಎವರ್‌ಗ್ರೀನ್ ವಿಡಿಯೊ ಒಂದನ್ನು ಹಾಕಿ.

ಯಾವುದು ಕೆಲಸ ಮಾಡಿತು ಅಂತ ಒಂದೇ ವಾರದಲ್ಲಿ ತೀರ್ಮಾನಿಸಬೇಡಿ. ಟ್ರೆಂಡಿಂಗ್ ವಿಡಿಯೊದ ಗ್ರಾಫ್ ಸರ್ರನೆ ಏರಿ ಬೇಗ ಬೀಳುತ್ತದೆ. ಎವರ್‌ಗ್ರೀನ್ ಕೆಳಗಿನಿಂದ ಶುರುವಾಗಿ ನಿಧಾನಕ್ಕೆ ನಡೆಯುತ್ತಿರುತ್ತದೆ, ಅದನ್ನು ಮೂರು ತಿಂಗಳ ಮೇಲೆ ನೋಡಿ. ಯೂಟ್ಯೂಬ್ ಸ್ಟುಡಿಯೊದಲ್ಲಿ ಸರ್ಚ್‌ನಿಂದ ಬರುವವರು ಆಗಲೂ ಇದ್ದರೆ ಆ ವಿಷಯ ಗಟ್ಟಿ.

ಎವರ್‌ಗ್ರೀನ್ ಕೂಡ ಹಳತಾಗುತ್ತದೆ. ಆ್ಯಪ್‌ನ ಮೆನು ಬದಲಾಗುತ್ತದೆ, 'ನೀವು ಹೇಳಿದ ಬಟನ್ ಇಲ್ಲಿ ಕಾಣ್ತಿಲ್ಲ' ಅಂತ ಕಾಮೆಂಟ್ ಬರುತ್ತದೆ. ಅದಕ್ಕೇ ನಿಮ್ಮ ಶೀಟ್‌ನಲ್ಲಿ ದಿನಾಂಕ, ಬಗೆ, ಶೀರ್ಷಿಕೆ, ಕೆಲಸ ಎಲ್ಲಿಗೆ ಬಂತು ಅನ್ನುವುದರ ಜೊತೆ 'ಮತ್ತೆ ನೋಡಬೇಕಾದ ದಿನ' ಅಂತ ಇನ್ನೊಂದು ಕಾಲಂ ಸೇರಿಸಿ, ಆರು ತಿಂಗಳ ಮುಂದಿನ ದಿನಾಂಕ ಬರೆದಿಡಿ.