ಆಸ್ಪತ್ರೆಯಲ್ಲಿದ್ದಾಗ ಕೋರ್ಟಿನ ತಾರೀಖು ಬಂದರೆ: ಮುಂದೂಡಿಕೆ ಅರ್ಜಿ ಹೀಗಿರಲಿ

ರಾತ್ರಿ ಹನ್ನೊಂದಕ್ಕೆ ಫೋನ್. "ವಕೀಲ್ರೀ, ಅಪ್ಪಗ ಹೊಟ್ಟಿ ನೋವು ಜೋರ ಆಗೇತ್ರೀ. ಹುಬ್ಬಳ್ಳಿಗೆ ಕರ್ಕೊಂಡು ಹೊಂಟೀವಿ. ನಾಳೆ ಕೋರ್ಟಿಗೆ ಹೆಂಗ್ರೀ?" ಮುಂಡರಗಿ ಕಡೆಯ ರೈತರು. ಗದಗ ಕೋರ್ಟಿನಲ್ಲಿ ಜಮೀನು ಪಾಲಿನ ದಾವೆ. ಅವರೇ ವಾದಿ. ಮರುದಿನ ಅವರ ಪಾಟೀಸವಾಲು ಇತ್ತು.

ಇಂಥ ದಿನ ಸುಮ್ನೆ ಗೈರಾದರೆ ಎರಡು ಪೆಟ್ಟು ಬೀಳಬಹುದು. ಕೂಗಿದಾಗ ವಾದಿಯ ಕಡೆಯಿಂದ ಯಾರೂ ಇಲ್ಲದೆ ಪ್ರತಿವಾದಿ ಮಾತ್ರ ಇದ್ದರೆ ದಾವೆ ವಜಾ ಆಗಬಹುದು. ವಕೀಲರಿದ್ದೂ ಕಾರಣ ಗಟ್ಟಿ ಇಲ್ಲದಿದ್ದರೆ ವಾದಿಯ ಸಾಕ್ಷ್ಯ ಮುಗಿಯಿತೆಂದು ಬರೆದುಬಿಡಬಹುದು. ಪಾಟೀಸವಾಲು ಆಗದ ಹೇಳಿಕೆಗೆ ಆಮೇಲೆ ಬೆಲೆ ಬರುವುದು ಕಷ್ಟ.

ನಾನು ಮಗನಿಗೆ ಮೊದಲು ಹೇಳಿದ್ದು ಸರ್ಟಿಫಿಕೇಟಿನ ಮಾತು. ಹೆಚ್ಚು ಅರ್ಜಿಗಳು ಎಡವುವುದು ಇಲ್ಲಿಯೇ. "ಇವರಿಗೆ ಆರೋಗ್ಯ ಸರಿ ಇಲ್ಲ, ವಿಶ್ರಾಂತಿ ಬೇಕು" ಎಂದಷ್ಟೇ ಇದ್ದರೆ ಎದುರಿನ ವಕೀಲರು ನಗುತ್ತಾರೆ. ಯಾವ ದಿನ ನೋಡಿದರು, ಏನು ಕಾಯಿಲೆ, ದಾಖಲಾದ ದಿನ ಯಾವುದು, ಆಪರೇಷನ್ ಆಯಿತೇ, ಎಷ್ಟು ದಿನ ಓಡಾಡಬಾರದು, ಇವಿಷ್ಟು ಬೇಕು. "ಕೋರ್ಟಿಗೆ ಹಾಜರಾಗುವ ಸ್ಥಿತಿಯಲ್ಲಿ ಇಲ್ಲ" ಎಂಬ ಒಂದು ಸಾಲು ಇದ್ದರೆ ಜಾಸ್ತಿ ಒಳ್ಳೆಯದು. ವೈದ್ಯರ ಹೆಸರು, ಸಹಿ, ಸೀಲು ಮತ್ತು ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕಾಣಬೇಕು. ಹಿಂದಿನ ತಾರೀಖು ಹಾಕಿಸುವ ಆಸೆ ಬೇಡ. ದಾಖಲಾತಿ ಚೀಟಿಯ ತಾರೀಖು ಬೇರೆ ಇದ್ದರೆ ಅದೊಂದರಿಂದಲೇ ಎಲ್ಲ ಕೆಡುತ್ತದೆ.

ಅಪೆಂಡಿಕ್ಸ್ ಎಂದು ಗೊತ್ತಾಗಿ ರಾತ್ರಿಯೇ ಆಪರೇಷನ್ ಆಯಿತು. ತಂದೆ ಸಹಿ ಹಾಕುವ ಸ್ಥಿತಿಯಲ್ಲಿರಲಿಲ್ಲ. ಆಗ ಜತೆಯಲ್ಲಿದ್ದವರು, ಅಂದರೆ ಮಗ, ತಾನು ಕಣ್ಣಾರೆ ಕಂಡದ್ದನ್ನು ಅಫಿಡವಿಟ್‌ನಲ್ಲಿ ಹೇಳಬಹುದು. ನೋಟರಿ ಮುಂದೆ ಪ್ರಮಾಣ ಮಾಡಿಸಿ ಬೆಳಗ್ಗೆ ಹುಬ್ಬಳ್ಳಿಯಿಂದ ಗದಗಿಗೆ ತಂದುಕೊಟ್ಟ. ಸರ್ಟಿಫಿಕೇಟಿನ ಮೂಲ ಪ್ರತಿಯನ್ನು ಕೋರ್ಟಿಗೆ ಲಗತ್ತಿಸಿ, ಒಂದು ನಕಲನ್ನು ಎದುರಿನ ವಕೀಲರಿಗೆ ಮೊದಲೇ ಕೊಟ್ಟೆವು. ಕೋರ್ಟ್ ಹಾಲಿನಲ್ಲಿ ದಿಢೀರನೆ ಕೈಗಿಟ್ಟರೆ ಒಪ್ಪುವವರೂ ತಕರಾರು ತೆಗೆಯುತ್ತಾರೆ.

ಅರ್ಜಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 17 ನಿಯಮ 1ರ ಕೆಳಗೆ. ಮೇಲೆ ನ್ಯಾಯಾಲಯದ ಹೆಸರು, ದಾವೆ ನಂಬರು, ಪಕ್ಷಗಾರರು. ಒಳಗಿನ ಮಾತು ಹೀಗೆ ಇತ್ತು:

"ಈ ದಾವೆಯು ಇಂದು ವಾದಿಯ ಪಾಟೀಸವಾಲಿಗೆ ನಿಗದಿಯಾಗಿದೆ. ವಾದಿಗೆ ನಿನ್ನೆ ರಾತ್ರಿ ತೀವ್ರ ಹೊಟ್ಟೆನೋವು ಬಂದು ಹುಬ್ಬಳ್ಳಿಯ ಆಸ್ಪತ್ರೆಗೆ ದಾಖಲಾಗಿ ಶಸ್ತ್ರಚಿಕಿತ್ಸೆ ಆಗಿದೆ. ಮೂರು ವಾರ ವಿಶ್ರಾಂತಿಗೆ ವೈದ್ಯರು ಸೂಚಿಸಿದ್ದಾರೆ. ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸಿದೆ. ಗೈರುಹಾಜರಿ ಉದ್ದೇಶಪೂರ್ವಕವಲ್ಲ. ಈ ಮೊದಲು ವಾದಿಯ ಕೋರಿಕೆಯ ಮೇಲೆ ಒಮ್ಮೆ ಮುಂದೂಡಲಾಗಿದೆ. ಆದ್ದರಿಂದ ಪಾಟೀಸವಾಲನ್ನು ಮೂರು ವಾರಗಳ ನಂತರದ ದಿನಕ್ಕೆ ಮುಂದೂಡಬೇಕೆಂದು ಮಾನ್ಯ ನ್ಯಾಯಾಲಯವನ್ನು ವಿನಮ್ರವಾಗಿ ಪ್ರಾರ್ಥಿಸುತ್ತೇನೆ."

ಹಿಂದೆ ಎಷ್ಟು ಸಲ ಸಮಯ ಕೇಳಿದ್ದೆವೆಂದು ನಾವೇ ಬರೆದದ್ದು ನೋಡಿದಿರಲ್ವಾ? ವಿಚಾರಣೆಯ ಹಂತದಲ್ಲಿ ಒಬ್ಬ ಪಕ್ಷಗಾರನಿಗೆ ಮೂರು ಮುಂದೂಡಿಕೆ ಎಂಬ ಮಿತಿ ಈ ನಿಯಮದಲ್ಲೇ ಇದೆ. ಎಣಿಕೆ ಕಡತದಲ್ಲಿ ಇರುತ್ತದೆ, ಮುಚ್ಚಿಟ್ಟು ಲಾಭವಿಲ್ಲ. ಹಠಾತ್ ಆಸ್ಪತ್ರೆ ಸೇರುವಂಥ ಕಾರಣಕ್ಕೆ ಮಿತಿ ದಾಟಿಯೂ ಸಮಯ ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ. ಆದರೂ ಮೂರು ವಾರ ವಿಶ್ರಾಂತಿ ಇರುವಾಗ ಒಂದು ವಾರ ಕೇಳಿ, ಮತ್ತೆ ಬಂದು ಕೇಳುವುದು ಪೆದ್ದತನ. ಸರ್ಟಿಫಿಕೇಟಿನ ಅವಧಿಗೆ ಹೊಂದುವ ದಿನವನ್ನೇ ಕೇಳಿ. ವಕೀಲರಿಗೇ ಹುಷಾರಿಲ್ಲ ಎಂಬ ಕಾರಣ ಮಾತ್ರ ಅಷ್ಟು ಸುಲಭಕ್ಕೆ ನಡೆಯುವುದಿಲ್ಲ. ಬೇರೆ ವಕೀಲರನ್ನು ಹಿಡಿಯಲು ಸಮಯವೇ ಸಿಗಲಿಲ್ಲ ಎಂದು ತೋರಿಸಬೇಕಾಗುತ್ತದೆ.

"ಕೊಡಲೇಬೇಕು" ಎಂಬ ಧಾಟಿ ಬೇಡ. ಹಾಗೆಂದು ಎರಡು ಪುಟ ಗೋಳೂ ಬೇಡ.

ಕೂಗಿದಾಗ ವಕೀಲರು ಎದ್ದು ನಿಂತು ಅರ್ಜಿ ಕೊಡಬೇಕು. ಮಗನೂ ಹಾಜರಿದ್ದ, ನ್ಯಾಯಾಧೀಶರು ಕೇಳಿದರೆ ಉತ್ತರಿಸಲು. ಎದುರು ಪಕ್ಷಕ್ಕೆ ಖರ್ಚು ಕೊಡಬೇಕೆಂಬ ಷರತ್ತಿನ ಮೇಲೆ ಮುಂದೂಡಿಕೆ ಸಿಕ್ಕಿತು. ಇದು ಮಾಮೂಲಿ. ಆ ಹಣವನ್ನು ಮುಂದಿನ ತಾರೀಖಿನೊಳಗೆ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಹೊಸ ತಾರೀಖನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ 16 ಅಕ್ಷರ-ಅಂಕಿಗಳ ಸಿಎನ್ಆರ್ ನಂಬರ್ ಹಾಕಿ ನೋಡಬಹುದು.

ಕ್ರಿಮಿನಲ್ ಕೇಸಿನ ಆರೋಪಿಗೆ ದಾರಿ ಬೇರೆ. ಆ ದಿನದ ಹಾಜರಿಗೆ ವಿನಾಯಿತಿ ಕೋರಿ ವಕೀಲರು ಅರ್ಜಿ ಹಾಕಬೇಕು. ಇಲ್ಲದಿದ್ದರೆ ವಾರಂಟ್ ಹೊರಡಬಹುದು.

ಗಡಿಬಿಡಿಯಲ್ಲಿ ಯಾರಿಗೂ ಫೋನ್ ಹೋಗದೆ ದಾವೆ ವಜಾ ಆಗಿಬಿಟ್ಟಿದ್ದರೆ? ವಜಾ ಆದ ದಿನದಿಂದ 30 ದಿನದೊಳಗೆ ಅದೇ ಕೋರ್ಟಿಗೆ ಮರುಸ್ಥಾಪನೆ ಅರ್ಜಿ ಹಾಕಬಹುದು. ಅದಕ್ಕೂ ಇದೇ ಸರ್ಟಿಫಿಕೇಟು, ಡಿಸ್ಚಾರ್ಜ್ ಕಾರ್ಡು ಬೇಕಾಗುತ್ತವೆ. ಆಸ್ಪತ್ರೆಯಿಂದ ಹೊರಡುವಾಗ ಅವುಗಳ ಒಂದೊಂದು ನಕಲು ಜೇಬಿನಲ್ಲಿರಲಿ.