ಕನ್ನಡದ ಒಳಗುಟ್ಟು ತಿಳಿಯಲು ಯಾವ ಪುಸ್ತಕ, ಯಾವ ಕ್ರಮದಲ್ಲಿ?

ಕನ್ನಡ ನುಡಿಯ ಚರಿತ್ರೆ ಮತ್ತು ರಚನೆಯನ್ನು ಕುರಿತು ಸಾಮಾನ್ಯ ಓದುಗರು ಓದಬಹುದಾದ ಪುಸ್ತಕಗಳು ಕನ್ನಡದಲ್ಲಿಯೇ ಸಾಕಷ್ಟಿವೆ. ಆದರೆ ಅವುಗಳನ್ನು ಕೊಂಡವರಲ್ಲಿ ಅನೇಕರು ಇಪ್ಪತ್ತು ಪುಟ ದಾಟುವುದಿಲ್ಲ. ನಾನು ಕಂಡಂತೆ ಇದಕ್ಕೆ ಕಾರಣ ಪುಸ್ತಕಗಳು ಕಠಿಣವಾಗಿರುವುದಲ್ಲ. ಯಾವ ಪ್ರಶ್ನೆಯೂ ಇಲ್ಲದೆ ಮೊದಲ ಪುಟದಿಂದ ಓದಲು ತೊಡಗುವುದು. ಆದ್ದರಿಂದ ಇಲ್ಲಿ ಪುಸ್ತಕಗಳ ಪಟ್ಟಿಯನ್ನು ಕೊಡುವುದಕ್ಕಿಂತ, ಒಂದೇ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಕೆಲವು ಪುಸ್ತಕಗಳ ನಡುವೆ ಹೇಗೆ ಸಾಗಬಹುದು ಎಂಬುದನ್ನು ತೋರಿಸುತ್ತೇನೆ.

ಮೊದಲು, ಪದಗಳ ಅಂಕಣಗಳು

ವ್ಯಾಕರಣಕ್ಕೆ ಕೈಹಾಕುವ ಮುನ್ನ ಒಂದೆರಡು ವಾರ ಪದಗಳ ಬಗೆಗಿನ ಬಿಡಿ ಬರಹಗಳನ್ನು ಓದುವುದು ಒಳ್ಳೆಯದು. ಪಾ.ವೆಂ. ಆಚಾರ್ಯರು ‘ಕಸ್ತೂರಿ’ಯಲ್ಲಿ ಬರೆಯುತ್ತಿದ್ದ ‘ಪದಾರ್ಥ ಚಿಂತಾಮಣಿ’ ಮತ್ತು ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ‘ಇಗೋ ಕನ್ನಡ’ ಎರಡೂ ಪುಸ್ತಕ ರೂಪದಲ್ಲಿ ಬಂದಿವೆ. ಇವನ್ನು ಎಲ್ಲಿಂದ ಬೇಕಾದರೂ ತೆರೆಯಬಹುದು, ಎಲ್ಲಿ ಬೇಕಾದರೂ ನಿಲ್ಲಿಸಬಹುದು.

ಈ ಹಂತದಲ್ಲಿ ಬೆಳೆಸಿಕೊಳ್ಳಬೇಕಾದ ಅಭ್ಯಾಸವೊಂದಿದೆ. ಪದದ ಹುಟ್ಟನ್ನು ಹೇಳುವ ಕಥೆ ಸೊಗಸಾಗಿದ್ದಷ್ಟೂ ಅದನ್ನು ಕಾಲದ ಒರೆಗೆ ಹಚ್ಚಿ ನೋಡಬೇಕು. ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಆದ್ದರಿಂದ ಆ ಊರು ‘ಬೆಂದಕಾಳೂರು’ ಎನಿಸಿ ಮುಂದೆ ಬೆಂಗಳೂರಾಯಿತು ಎಂಬ ಕಥೆಯನ್ನು ಎಲ್ಲರೂ ಕೇಳಿದ್ದೇವೆ. ಹೊಯ್ಸಳ ವೀರಬಲ್ಲಾಳನು ಪಟ್ಟಕ್ಕೆ ಬಂದದ್ದು 12ನೆಯ ಶತಮಾನದ ಕೊನೆಯ ಭಾಗದಲ್ಲಿ. ಬೇಗೂರಿನ ಗಂಗರ ಕಾಲದ ವೀರಗಲ್ಲಾದರೋ ಕ್ರಿ.ಶ. 900ರ ಸುಮಾರಿನಲ್ಲಿಯೇ ಬೆಂಗಳೂರಿನ ಕಾಳಗವನ್ನು ಹೆಸರಿಸುತ್ತದೆ. ರಾಜನಿಗಿಂತ ಊರಿನ ಹೆಸರು ಸುಮಾರು ಮುನ್ನೂರು ವರ್ಷ ಹಳೆಯದಾದ ಮೇಲೆ ಆ ಕಥೆ ನಿಲ್ಲುವುದಿಲ್ಲ. ಹೆಸರಿನ ನಿಜವಾದ ಮೂಲ ಯಾವುದು ಎಂಬುದು ಇದರಿಂದ ತೀರ್ಮಾನವಾಗದಿದ್ದರೂ, ಯಾವುದು ಅಲ್ಲ ಎಂಬುದು ತೀರ್ಮಾನವಾಗುತ್ತದೆ.

ಬಳಿಕ, ಶಾಲೆಯ ವ್ಯಾಕರಣದಿಂದ ಒಂದು ಪ್ರಶ್ನೆ

ರಚನೆಯ ಕಡೆಗೆ ಬರುವಾಗ ತೀ.ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ವನ್ನು ಬಳಿಯಲ್ಲಿಟ್ಟುಕೊಳ್ಳಿ. ಸಂಪ್ರದಾಯದ ಚೌಕಟ್ಟನ್ನು ಇಷ್ಟು ಚಿಕ್ಕದಾಗಿ, ಇಷ್ಟು ತಿಳಿಯಾಗಿ ಹೇಳುವ ಪುಸ್ತಕಗಳು ಕಡಿಮೆ. ಆದರೆ ಇದನ್ನು ಕಾದಂಬರಿಯಂತೆ ಓದಬೇಡಿ. ವಿಭಕ್ತಿಯ ಭಾಗವನ್ನು ಮಾತ್ರ ತೆಗೆದು, ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ ಸಾಲನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ರಾಮನು, ರಾಮನನ್ನು, ರಾಮನಿಂದ, ರಾಮನಿಗೆ, ರಾಮನ ದೆಸೆಯಿಂದ, ರಾಮನ, ರಾಮನಲ್ಲಿ.

ಈಗ ಐದನೆಯದರ ಮೇಲೆ ಬೆರಳಿಡಿ. ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ‘ಮರದಿಂದ ಹಣ್ಣು ಬಿತ್ತು’ ಎನ್ನುತ್ತೇವೆ. ‘ಕತ್ತಿಯಿಂದ ಕೊಯ್ದ’ ಎಂಬಲ್ಲಿ ಉಪಕರಣಕ್ಕೂ, ‘ಮರದಿಂದ ಬಿತ್ತು’ ಎಂಬಲ್ಲಿ ಅಗಲಿಕೆಗೂ, ‘ಜ್ವರದಿಂದ ಸೊರಗಿದ’ ಎಂಬಲ್ಲಿ ಕಾರಣಕ್ಕೂ, ‘ನಿನ್ನೆಯಿಂದ ಮಳೆ’ ಎಂಬಲ್ಲಿ ಕಾಲಕ್ಕೂ ಬರುವುದು ಒಂದೇ ‘ಇಂದ’. ನಾನು ಏಳನೆಯ ತರಗತಿಯಲ್ಲಿ ಈ ಪಟ್ಟಿಯನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದೆ. ಐದನೆಯದನ್ನು ಒಮ್ಮೆಯೂ ಮಾತಿನಲ್ಲಿ ಬಳಸಿರಲಿಲ್ಲ ಎಂಬುದು ಹೊಳೆಯಲು ಇಪ್ಪತ್ತು ವರ್ಷ ಹಿಡಿಯಿತು.

ಇನ್ನೂ ಸ್ವಲ್ಪ ಬಿಡಿಸಿ ನೋಡಿದರೆ, ‘ರಾಮನ ದೆಸೆಯಿಂದ’ ಎಂಬುದು ಪ್ರತ್ಯಯವೇ ಅಲ್ಲ. ‘ರಾಮನ’ ಎಂಬುದು ಷಷ್ಠಿ. ‘ದೆಸೆ’ ಎಂದರೆ ದಿಕ್ಕು, ಕಡೆ ಎಂಬ ನಾಮಪದ. ಅದಕ್ಕೆ ಹತ್ತಿರುವುದು ತೃತೀಯೆಯ ‘ಇಂದ’. ಅಂದರೆ ಪಟ್ಟಿಯ ಐದನೆಯ ರೂಪವನ್ನು ಆರನೆಯದರಿಂದಲೂ ಮೂರನೆಯದರಿಂದಲೂ ಸಾಲ ತಂದು ಕಟ್ಟಲಾಗಿದೆ. ಹೀಗೇಕೆ ಮಾಡಬೇಕಾಯಿತು? ಈ ಪ್ರಶ್ನೆಯನ್ನು ಹಾಳೆಯ ಕೆಳಗೆ ಬರೆದುಕೊಂಡು ಮುಂದಿನ ಪುಸ್ತಕಕ್ಕೆ ಹೋಗಿ.

ಚೌಕಟ್ಟನ್ನೇ ಪ್ರಶ್ನಿಸುವ ಪುಸ್ತಕ

ಡಿ.ಎನ್. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದ ವಾದ ಅದರ ಹೆಸರಿನಲ್ಲಿಯೇ ಇದೆ. ನಮ್ಮ ವ್ಯಾಕರಣಗಳು ಸಂಸ್ಕೃತ ವ್ಯಾಕರಣದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ದಿವೆ, ಆದ್ದರಿಂದ ಕನ್ನಡದಲ್ಲಿ ಇಲ್ಲದ್ದು ಸೇರಿಕೊಂಡಿದೆ, ಇರುವುದು ಮರೆಯಾಗಿದೆ ಎಂಬುದು ಅವರ ನಿಲುವು. ಆ ನೋಟದಿಂದ ನಮ್ಮ ಹಾಳೆಯನ್ನು ನೋಡಿದರೆ ಉತ್ತರ ಸುಲಭವಾಗಿ ಸಿಗುತ್ತದೆ. ಸಂಸ್ಕೃತದಲ್ಲಿ ‘ರಾಮೇಣ’ ಎಂಬ ತೃತೀಯೆಯೂ ‘ರಾಮಾತ್’ ಎಂಬ ಪಂಚಮಿಯೂ ಬೇರೆ ಬೇರೆ ರೂಪಗಳು. ಅಲ್ಲಿ ಐದನೆಯ ಮನೆ ಇರುವುದರಿಂದ ಇಲ್ಲಿಯೂ ಆ ಮನೆಯನ್ನು ತುಂಬಬೇಕಾಯಿತು.

ಇಷ್ಟಕ್ಕೇ ಪುಸ್ತಕ ಮುಚ್ಚಬಾರದು. ಸಂಪ್ರದಾಯವನ್ನು ಬಲ್ಲವರು ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪವನ್ನು ಎತ್ತಬಹುದು: ಸಂಸ್ಕೃತದ ಬಹುವಚನದಲ್ಲಿ ಚತುರ್ಥಿಗೂ ಪಂಚಮಿಗೂ ‘ರಾಮೇಭ್ಯಃ’ ಎಂಬ ಒಂದೇ ರೂಪವಿದೆ, ಆದರೂ ಅವನ್ನು ಎರಡು ವಿಭಕ್ತಿಗಳೆಂದೇ ಎಣಿಸುತ್ತಾರೆ, ರೂಪ ಒಂದೇ ಆದ ಮಾತ್ರಕ್ಕೆ ವಿಭಕ್ತಿ ಒಂದೇ ಆಗಬೇಕಿಲ್ಲ. ಈ ಆಕ್ಷೇಪ ಸರಿಯಾದದ್ದೇ. ಆದರೆ ಸಂಸ್ಕೃತದಲ್ಲಿ ಏಕವಚನದ ರೂಪಗಳು ಆ ಎರಡನ್ನು ಬೇರ್ಪಡಿಸಿ ತೋರಿಸುತ್ತವೆ. ಕನ್ನಡದಲ್ಲಿ ತೃತೀಯೆಯನ್ನೂ ಪಂಚಮಿಯನ್ನೂ ಪ್ರತ್ಯಯದಿಂದಲೇ ಬೇರ್ಪಡಿಸುವ ಒಂದು ನಾಮಪದವನ್ನಾದರೂ ತೋರಿಸುವುದು ಕಷ್ಟ. ಹೀಗಾಗಿ ಈ ಒಂದು ವಿಷಯದಲ್ಲಿ ನನ್ನ ತೂಕ ಭಟ್ಟರ ಕಡೆಗಿದೆ. ಅವರ ಎಲ್ಲ ವಾದಗಳನ್ನೂ ಹೀಗೆಯೇ ಒಂದೊಂದಾಗಿ ತೂಗಿ ನೋಡಬೇಕು. ಇಡಿಯಾಗಿ ಒಪ್ಪುವುದಾಗಲಿ ಇಡಿಯಾಗಿ ತಳ್ಳುವುದಾಗಲಿ ಆ ಪುಸ್ತಕವನ್ನು ಓದುವ ರೀತಿಯಲ್ಲ.

ಇಲ್ಲಿ ಒಂದು ಎಚ್ಚರಿಕೆ. ಭಟ್ಟರ ಈಚಿನ ಪುಸ್ತಕಗಳಲ್ಲಿ ‘ಬಾಷೆ’, ‘ನಿಗಂಟು’ ಎಂಬಂಥ ಬರವಣಿಗೆ ಕಂಡರೆ ಅಚ್ಚಿನ ತಪ್ಪೆಂದು ತಿಳಿಯಬೇಡಿ. ಕನ್ನಡಿಗರ ಸಹಜ ಉಲಿಕೆಯಲ್ಲಿ ಇಲ್ಲದ ಮಹಾಪ್ರಾಣಗಳನ್ನು ಬರವಣಿಗೆಯಲ್ಲಿಯೂ ಬಿಡಬೇಕೆಂಬುದು ಅವರ ವಿಚಾರಪೂರ್ವಕವಾದ ನಿಲುವು; ಅದಕ್ಕೆ ಅವರು ಕೊಡುವ ಕಾರಣಗಳು ‘ಕನ್ನಡ ಬರಹವನ್ನು ಸರಿಪಡಿಸೋಣ’ ಎಂಬ ಪುಸ್ತಕದಲ್ಲಿವೆ. ಹತ್ತು ಪುಟಗಳಲ್ಲಿ ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ.

ಅದೇ ಪ್ರಶ್ನೆಯೊಡನೆ ಕೇಶಿರಾಜನಲ್ಲಿಗೆ

ಸುಮಾರು 1260ರಲ್ಲಿ ಕೇಶಿರಾಜನು ರಚಿಸಿದ ‘ಶಬ್ದಮಣಿದರ್ಪಣ’ವನ್ನು ಕಂಡರೆ ಸಾಮಾನ್ಯ ಓದುಗರು ಹೆದರುತ್ತಾರೆ. ಸೂತ್ರಗಳು ಕಂದಪದ್ಯದಲ್ಲಿವೆ, ಅವುಗಳಿಗೆ ವೃತ್ತಿ ಎಂಬ ಅವನದೇ ಗದ್ಯದ ವಿವರಣೆಯಿದೆ, ಭಾಷೆ ಹಳಗನ್ನಡ. ಆದರೆ ಡಿ.ಎಲ್. ನರಸಿಂಹಾಚಾರ್ಯರ ಸಂಪಾದನೆಯನ್ನು ಹಿಡಿದು, ಮೊದಲಿನಿಂದ ಓದದೆ ನಾಮಪ್ರಕರಣದಲ್ಲಿ ವಿಭಕ್ತಿಗಳ ಜಾಗಕ್ಕೆ ನೇರವಾಗಿ ಹೋದರೆ ದಾರಿ ಸಿಗುತ್ತದೆ. ಮೊದಲು ಕೇಶಿರಾಜನು ಕೊಡುವ ಉದಾಹರಣೆಗಳನ್ನು ಓದಿ, ಬಳಿಕ ವೃತ್ತಿಯನ್ನು, ಕೊನೆಗೆ ಸೂತ್ರವನ್ನು. ಉದಾಹರಣೆ ಅರ್ಥವಾದರೆ ಸೂತ್ರ ತಾನಾಗಿ ಬಿಚ್ಚಿಕೊಳ್ಳುತ್ತದೆ. ತಿರುವುಮುರುವಾಗಿ ಹೊರಟವರೇ ಹೆಚ್ಚಾಗಿ ಸೋಲುವುದು.

ಅಲ್ಲಿ ಪಂಚಮಿಗೆ ಸಿಗುವ ಪ್ರತ್ಯಯ ‘ಅತ್ತಣಿಂ’. ಅದನ್ನೂ ಬಿಡಿಸಿ ನೋಡಿ. ‘ಅತ್ತ’ ಎಂದರೆ ಆ ಕಡೆ, ಕೊನೆಯಲ್ಲಿರುವುದು ತೃತೀಯೆಯ ‘ಇಂ’. ‘ದೆಸೆಯಿಂದ’ ಎಂಬುದನ್ನು ಕಟ್ಟಿದ ಕ್ರಮದಲ್ಲಿಯೇ, ದಿಕ್ಕನ್ನು ಹೇಳುವ ಮಾತೊಂದಕ್ಕೆ ‘ಇಂ’ ಸೇರಿಸಿ ಐದನೆಯ ಮನೆಯನ್ನು ತುಂಬಲಾಗಿದೆ. ಏಳುನೂರು ವರ್ಷಗಳ ಅಂತರದಲ್ಲಿ ಪದ ಬದಲಾಯಿತು, ಉಪಾಯ ಬದಲಾಗಲಿಲ್ಲ. ಇದನ್ನು ಮೊದಲ ಬಾರಿಗೆ ಕಂಡಾಗ ನನಗಾದ ಸಂತೋಷ ಇನ್ನೂ ನೆನಪಿದೆ. ಕೇಶಿರಾಜನಿಗೂ ಇದು ತಿಳಿದಿರಲಿಲ್ಲವೆಂದು ಭಾವಿಸಬಾರದು; ಒಂದು ವಿಭಕ್ತಿಯ ಜಾಗದಲ್ಲಿ ಇನ್ನೊಂದು ಬರುವುದನ್ನು ಅವನು ಗಮನಿಸಿ ದಾಖಲಿಸಿದ್ದಾನೆ. ಅವನು ಸಂಸ್ಕೃತದ ಚೌಕಟ್ಟನ್ನು ತೆಗೆದುಕೊಂಡದ್ದು ನಿಜ, ಆದರೆ ಅದರೊಳಗೆ ನಿಂತು ಕನ್ನಡ ಕವಿಗಳ ಬಳಕೆಯನ್ನು ಕಿವಿಗೊಟ್ಟು ಆಲಿಸಿದವನು.

ಚರಿತ್ರೆಗೆ: ಒಂದು ಕಳೆದುಹೋದ ಅಕ್ಷರ

ಅದೇ ‘ಶಬ್ದಮಣಿದರ್ಪಣ’ದಲ್ಲಿ ‘ೞ’ಕಾರವಿರುವ ಪದಗಳನ್ನು ಕೇಶಿರಾಜನು ಪಟ್ಟಿಮಾಡಿಕೊಡುತ್ತಾನೆ. ಎಲ್ಲರ ನಾಲಗೆಯಲ್ಲೂ ಸರಿಯಾಗಿ ಉಳಿದಿರುವ ಧ್ವನಿಗೆ ಪಟ್ಟಿ ಬೇಕಾಗುವುದಿಲ್ಲ. ಪಟ್ಟಿ ಬಂದಿದೆ ಎಂದರೆ ‘ೞ’ ಮತ್ತು ‘ಳ’ ಆಗಲೇ ಬೆರೆಯತೊಡಗಿದ್ದವು ಎಂದು ಊಹಿಸಬಹುದು. ವ್ಯಾಕರಣವನ್ನು ಚರಿತ್ರೆಯ ಸಾಕ್ಷಿಯಾಗಿ ಓದುವುದೆಂದರೆ ಇದೇ.

ಇದನ್ನು ಪರೀಕ್ಷಿಸಲು ಕಿಟ್ಟೆಲ್ ನಿಘಂಟು ಬೇಕು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಇದರಲ್ಲಿ ಅರ್ಥಗಳು ಇಂಗ್ಲಿಷಿನಲ್ಲಿವೆ. ಹಕ್ಕಿನ ಅವಧಿ ಮುಗಿದಿರುವುದರಿಂದ archive.org ತಾಣದಲ್ಲಿ ಅದರ ಪುಟಗಳು ನೋಡಲು ಸಿಗುತ್ತವೆ. ಇಂದು ನಾವು ಬದುಕಿಗೂ ‘ಬಾಳು’ ಎನ್ನುತ್ತೇವೆ. ಹಳೆಯ ಪದ್ಯಗಳಲ್ಲಿ ಕತ್ತಿಗೂ ‘ಬಾಳ್’ ಎಂಬ ಹೆಸರಿದೆ. ಎರಡೂ ಒಂದೇ ಪದವೇ? ಹಳಗನ್ನಡದಲ್ಲಿ ಬದುಕುವುದು ‘ಬಾೞ್’, ಕತ್ತಿ ‘ಬಾಳ್’. ತಮಿಳು ಈ ಎರಡು ಧ್ವನಿಗಳನ್ನು ಇಂದಿಗೂ ಬೇರೆಯಾಗಿ ಉಳಿಸಿಕೊಂಡಿದೆ: ಅಲ್ಲಿ ಬದುಕುವುದು ‘ವಾೞ್’, ಕತ್ತಿ ‘ವಾಳ್’. ಬೇರೆ ಬೇರೆಯಾಗಿದ್ದ ಎರಡು ಪದಗಳು ಒಂದು ಧ್ವನಿ ಅಳಿದುದರಿಂದ ಕನ್ನಡದಲ್ಲಿ ಒಂದೇ ಆಗಿ ಕೇಳಿಸುತ್ತಿವೆ. ಪದಗಳ ನಂಟನ್ನು ಹೇಳುವಾಗ ಕಣ್ಣಿಗೆ ಕಾಣುವ ಹೋಲಿಕೆ ಏಕೆ ಸಾಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಇಷ್ಟಾದ ಮೇಲೆ ಶಂಕರ ಭಟ್ಟರ ‘ಕನ್ನಡ ಬಾಷೆಯ ಕಲ್ಪಿತ ಚರಿತ್ರೆ’ಯನ್ನು ತೆರೆಯಬಹುದು. ಪಂಪ, ರನ್ನರ ಬರವಣಿಗೆಯ ಹಳಗನ್ನಡವೇ ಇಂದಿನ ಎಲ್ಲ ಒಳನುಡಿಗಳ ನೇರವಾದ ತಾಯಿ ಎಂಬ ನಂಬಿಕೆಯನ್ನು ಆ ಪುಸ್ತಕ ಪ್ರಶ್ನಿಸಿ, ಒಳನುಡಿಗಳನ್ನು ಒಂದಕ್ಕೊಂದು ಹೋಲಿಸುವ ಮೂಲಕ ಹಿಂದಿನ ಕನ್ನಡವನ್ನು ಊಹಿಸಿ ಕಟ್ಟುತ್ತದೆ. ಇದನ್ನು ಓದುವಾಗ ನಿಮ್ಮ ಮನೆಮಾತನ್ನು ಪಕ್ಕದಲ್ಲಿಟ್ಟುಕೊಳ್ಳಿ. ಹವ್ಯಕರ ಮನೆಯಲ್ಲಿ ಇಂದಿಗೂ ‘ಎನಗೆ’ ಎನ್ನುತ್ತಾರೆ. ಹಳಗನ್ನಡದಲ್ಲಿಯೂ ಅದೇ ಇದೆ, ಉಳಿದ ಅನೇಕರು ‘ನನಗೆ’ ಎನ್ನುತ್ತೇವೆ. ನಿಮ್ಮ ಊರಿನ ಹಿರಿಯರ ಮಾತಿನಿಂದ ಇಂಥ ಹತ್ತು ರೂಪಗಳನ್ನು ಬರೆದುಕೊಂಡು, ಪ್ರತಿಯೊಂದನ್ನೂ ಕಿಟ್ಟೆಲ್ ನಿಘಂಟಿನಲ್ಲಿ ಹುಡುಕಿ, ಹಳೆಯ ರೂಪ ಉಳಿದದ್ದೋ ಹೊಸದಾಗಿ ಬದಲಾದದ್ದೋ ಎಂದು ಗುರುತುಹಾಕಿ.

ಲಿಪಿ, ಶಾಸನ, ತಮಿಳುನಾಡಿನೊಡನೆ ಇದ್ದ ಹಳೆಯ ಸಂಬಂಧ ಇವುಗಳ ಕಡೆಗೆ ಮನಸ್ಸು ಎಳೆಯುವವರು ಷ. ಶೆಟ್ಟರ್ ಅವರ ‘ಶಂಗಂ ತಮಿಳಗಂ ಮತ್ತು ಕನ್ನಡ ನಾಡು-ನುಡಿ’ಯನ್ನು ಈ ಹಂತದಲ್ಲಿ ಕೈಗೆತ್ತಿಕೊಳ್ಳಬೇಕು. ಅದು ಭಾಷಾವಿಜ್ಞಾನಿಯದಲ್ಲ, ಇತಿಹಾಸಕಾರನ ಪುಸ್ತಕ. ಅದರ ಸಾಕ್ಷ್ಯಗಳು ಬಹುಮಟ್ಟಿಗೆ ಶಾಸನ ಮತ್ತು ಸಾಹಿತ್ಯದಿಂದ ಬಂದವು. ಧ್ವನಿಗಳ ಬಗೆಗಿನ ಪ್ರಶ್ನೆಗಳನ್ನು ಅದರ ಮುಂದೆ ಇಡದೆ, ಯಾರು, ಎಲ್ಲಿ, ಯಾವಾಗ ಕನ್ನಡವನ್ನು ಕಲ್ಲಿನ ಮೇಲೆ ಬರೆದರು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಓದಬೇಕು.