ರೋಗಿ ತಲೆಯಾಡಿಸಿದರೆ ಅರ್ಥವಾಯಿತು ಎಂದಲ್ಲ

ಕಿವಿ ಕೇಳದ, ಮಾತು ಹೊರಡದ ರೋಗಿಗಳೊಡನೆ ಮಾತನಾಡುವುದು ಹೇಗೆ? ನರ್ಸಿಂಗ್ ಮತ್ತು ವೈದ್ಯ ವಿದ್ಯಾರ್ಥಿಗಳಿಗೆ ಎರಡು ಗಂಟೆಯ ತರಗತಿ

ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕಿವುಡರಿಗೆ ಮೊದಲ ತೊಡಕು ಎದುರಾಗುವುದು ವೈದ್ಯರ ಕೋಣೆಯಲ್ಲಲ್ಲ, ಅದರ ಹೊರಗಿನ ಬೆಂಚಿನ ಮೇಲೆ. ಚೀಟಿಯ ನಂಬರು ಕೂಗುತ್ತಾರೆ, ಅವರಿಗೆ ಕೇಳುವುದಿಲ್ಲ, ಸರದಿ ದಾಟಿಹೋಗುತ್ತದೆ. ಹಾಗಾಗಿ ಈ ತರಗತಿಯ ಮೊದಲ ಪಾಠ ನೋಂದಣಿ ಕೌಂಟರಿನದು. ‘ಕಿವಿ ಕೇಳಿಸುವುದಿಲ್ಲ, ಹತ್ತಿರ ಬಂದು ಕರೆಯಿರಿ’ ಎಂದು ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆಯಬೇಕು, ರೋಗಿಯನ್ನು ಬಾಗಿಲು ಕಾಣುವ ಜಾಗದಲ್ಲಿ ಕೂರಿಸಬೇಕು. ಕರೆಯುವಾಗ ಎದುರಿನಿಂದ ಕೈಬೀಸಿ. ಹಿಂದಿನಿಂದ ಬಂದು ಭುಜ ಹಿಡಿದರೆ ಯಾರಾದರೂ ಬೆಚ್ಚಿಬೀಳುತ್ತಾರೆ.

ಮೊದಲ 15 ನಿಮಿಷ: ದನಿಯಿಲ್ಲದ ಮಾತು

ವಿದ್ಯಾರ್ಥಿಗಳನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸಿ. ಒಬ್ಬರು ಈ ಜೋಡಿಪದಗಳನ್ನು ದನಿ ತೆಗೆಯದೆ ತುಟಿಯಲ್ಲಷ್ಟೇ ಹೇಳಲಿ, ಇನ್ನೊಬ್ಬರು ಕಂಡದ್ದನ್ನು ಬರೆಯಲಿ: ಮಾತ್ರೆ–ಪಾತ್ರೆ, ಬೆನ್ನು–ಪೆನ್ನು, ಎಪ್ಪತ್ತು–ಎಂಬತ್ತು.

ಪ, ಬ, ಮ ಮೂರೂ ಎರಡು ತುಟಿ ಕೂಡಿ ಹುಟ್ಟುವ ಅಕ್ಷರಗಳು. ನೋಡುವವರಿಗೆ ಮೂರೂ ಒಂದೇ. ಕ, ಗ ಬಾಯಿಯ ಹಿಂಭಾಗದಲ್ಲಿ, ಹ ಗಂಟಲಲ್ಲಿ ಹುಟ್ಟಿ ಅಲ್ಲೇ ಮುಗಿಯುವುದರಿಂದ ತುಟಿಯಲ್ಲಿ ಗುರುತೇ ಸಿಗದು. ತುಟಿ ಓದುವುದರಲ್ಲಿ ಪಳಗಿದವರೂ ಕಂಡ ತುಣುಕುಗಳನ್ನು ಸಂದರ್ಭದ ಜೊತೆ ಹೊಂದಿಸಿ ಉಳಿದದ್ದನ್ನು ಊಹಿಸುತ್ತಿರುತ್ತಾರೆ. ‘ನಿಧಾನವಾಗಿ ಹೇಳಿದೆ, ತುಟಿ ನೋಡಿ ತಿಳ್ಕೊಂಡ್ರು’ ಎಂಬ ನಂಬಿಕೆ ಈ ಮೂರು ಜೋಡಿಗಳಲ್ಲೇ ಕಳಚಿಬೀಳುತ್ತದೆ. ಔಷಧದ ಪ್ರಮಾಣ, ತಾರೀಖು, ಸಂಖ್ಯೆ ಯಾವುದನ್ನೂ ಬಾಯಿಮಾತಿನಲ್ಲಿ ಮಾತ್ರ ಹೇಳಬಾರದು, ಬರೆದು ತೋರಿಸಬೇಕು. ವಿದ್ಯಾರ್ಥಿಗಳಿಗೆ ಇದರ ಕಾರಣ ಇನ್ನು ಬೇರೆ ಹೇಳಬೇಕಾಗಿಲ್ಲ.

ಕಿವಿಗೆ ಹತ್ತಿ ತುರುಕಿಕೊಂಡು ಕಿವುಡುತನ ‘ಅನುಭವಿಸುವ’ ಆಟ ಹಲವೆಡೆ ನಡೆಯುತ್ತದೆ. ಅದು ಬೇಡ. ಹತ್ತಿ ಶಬ್ದವನ್ನು ಕಡಿಮೆ ಮಾಡುತ್ತದೆ ಅಷ್ಟೆ. ಒಳಗಿವಿಯ ನರ ಸೋತವರಿಗೆ ಶಬ್ದ ಕೇಳಿದರೂ ಅಕ್ಷರ ಒಡೆದು ಕೇಳುತ್ತದೆ, ಅದನ್ನು ಹತ್ತಿ ತೋರಿಸಲಾರದು. ಹುಟ್ಟು ಕಿವುಡರ ಬದುಕಂತೂ ಅದರ ಅಂದಾಜಿಗೇ ಸಿಗದು.

ಸನ್ನಿವೇಶ 1: ಕೂಗಿದಷ್ಟೂ ಕೇಳದ ಅಜ್ಜ

ಮೂವರ ಗುಂಪು ಮಾಡಿ: ರೋಗಿ, ನರ್ಸ್, ಗಮನಿಸುವವರು. ಅಭಿನಯಕ್ಕೆ 8 ನಿಮಿಷ, ಚರ್ಚೆಗೆ 10. ರೋಗಿಯ ಚೀಟಿಯಲ್ಲಿ ಹೀಗಿರಲಿ: ‘ನಿಮಗೆ 74 ವರ್ಷ. ಸಕ್ಕರೆ ಕಾಯಿಲೆ. ದನಿ ಕೇಳುತ್ತದೆ, ಪದ ತಿಳಿಯುವುದಿಲ್ಲ. ಯಾರಾದರೂ ಕೂಗಿದರೆ ಮುಖ ಸಿಂಡರಿಸಿ. ಎರಡು ಸಲ ಕೇಳಿಯೂ ತಿಳಿಯದಿದ್ದರೆ ಹ್ಞೂಂ ಎಂದುಬಿಡಿ.’

ವಯಸ್ಸಾದಂತೆ ಮೊದಲು ಹೋಗುವುದು ಸೂಕ್ಷ್ಮ, ಏರುಸ್ತರದ ಶಬ್ದಗಳ ಕೇಳುವಿಕೆ. ಸ, ಶ, ತ, ಚದಂಥ ವ್ಯಂಜನಗಳ ತಿರುಳು ಇರುವುದು ಅಲ್ಲೇ. ಕೂಗಿದಾಗ ಆ, ಓ, ಊ ಎಂಬ ಸ್ವರಗಳು ದೊಡ್ಡದಾಗುತ್ತವೆಯೇ ಹೊರತು ವ್ಯಂಜನ ತಿಳಿಯಾಗುವುದಿಲ್ಲ. ಮೇಲಾಗಿ ಈ ಕಿವಿಗಳಿಗೆ ಸಣ್ಣ ಶಬ್ದ ಕೇಳದು, ತುಸು ಜೋರಾದರೆ ತಡೆಯಲಾಗದು. ‘ಯಾಕಪ್ಪಾ ಕಿರುಚ್ತೀಯಾ’ ಎಂದು ಅಜ್ಜ ಬಯ್ಯುವುದು ಈ ಕಾರಣಕ್ಕೆ.

ನರ್ಸ್ ಮಾಡಬೇಕಾದದ್ದು ಇಷ್ಟು. ಫ್ಯಾನು, ಟಿ.ವಿ. ಆರಿಸಿ. ಸುಮಾರು ಮೂರಡಿ ದೂರದಲ್ಲಿ, ಅಜ್ಜನ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ಕಿಟಕಿಗೆ ಬೆನ್ನು ಹಾಕಿದರೆ ನಿಮ್ಮ ಮುಖ ಕಪ್ಪು ನೆರಳಾಗಿ ಕಾಣುತ್ತದೆ. ಸೋಂಕಿನ ಭಯವಿಲ್ಲದಿದ್ದರೆ ಮಾಸ್ಕ್ ಕೆಳಗಿಳಿಸಿ: ಅದು ತುಟಿಯನ್ನು ಮರೆಮಾಡುವುದಲ್ಲದೆ ಅಜ್ಜನಿಗೆ ಕಷ್ಟವಾಗುವ ಅದೇ ವ್ಯಂಜನಗಳನ್ನೂ ಮಂಕಾಗಿಸುತ್ತದೆ. ದನಿಯನ್ನು ತುಸು ತಗ್ಗಿನ ಶ್ರುತಿಗೆ ಇಳಿಸಿ, ಮಾಮೂಲಿಗಿಂತ ಕೊಂಚ ನಿಧಾನವಾಗಿ ಮಾತನಾಡಿ. ಒಂದು ಸಲ ತಿಳಿಯದಿದ್ದರೆ ಅದೇ ವಾಕ್ಯವನ್ನು ಒಪ್ಪಿಸದೆ ಪದ ಬದಲಿಸಿ. ‘ಉಪಾಹಾರಕ್ಕೆ ಮೊದಲು’ ತಿಳಿಯದಿದ್ದರೆ ‘ತಿಂಡಿ ತಿನ್ನೋಕ್ಕೆ ಮುಂಚೆ’ ತಿಳಿದೀತು.

ಶ್ರವಣಯಂತ್ರ ಇದ್ದರೆ ಹಾಕಿಕೊಂಡಿದ್ದಾರೆಯೇ, ಬ್ಯಾಟರಿ ಇದೆಯೇ ನೋಡಿ. ಹಾಕಿದ ಮೇಲೆ ಕುಂಯ್ ಎಂದು ಸಿಳ್ಳೆ ಬರುತ್ತಿದ್ದರೆ ಅಚ್ಚು ಕಿವಿಯಲ್ಲಿ ಸರಿಯಾಗಿ ಕೂತಿಲ್ಲ, ಅಥವಾ ಕಿವಿಯಲ್ಲಿ ಗುಗ್ಗೆ ತುಂಬಿದೆ. ಯಂತ್ರ ಇಲ್ಲವೇ? ನಿಮ್ಮ ಸ್ಟೆತಸ್ಕೋಪನ್ನು ಅಜ್ಜನ ಕಿವಿಗೆ ಸಿಕ್ಕಿಸಿ, ಎದೆಗಿಡುವ ಬಿಲ್ಲೆಯ ಹತ್ತಿರ ಮೆಲ್ಲಗೆ ಮಾತನಾಡಿ. ಮೆಲ್ಲಗೆ ಎಂಬುದು ಮುಖ್ಯ. ಅಷ್ಟರಲ್ಲೇ ಮುಖ ಅರಳುವ ರೋಗಿಗಳಿದ್ದಾರೆ.

ಸನ್ನಿವೇಶ 2: ಸೊಸೆ, ಅತ್ತೆ ಮತ್ತು ಬಿಳಿ ಹಾಳೆ

ತರಗತಿಯ ಮುಖ್ಯ ಭಾಗ ಇದು. ಅಭಿನಯಕ್ಕೆ 12 ನಿಮಿಷ, ಚರ್ಚೆಗೆ 20 ಇಡಿ. ಇಪ್ಪತ್ತಾರರ ಹೆಣ್ಣುಮಗಳು, ಹುಟ್ಟಿನಿಂದ ಕಿವುಡು, ಐದು ತಿಂಗಳ ಬಸುರಿ. ಉರಿಮೂತ್ರ ಎಂದು ಅತ್ತೆಯ ಜೊತೆ ಬಂದಿದ್ದಾಳೆ. ಅವಳ ಭಾಷೆ ಸಂಜ್ಞಾ ಭಾಷೆ. ಹತ್ತನೇ ತರಗತಿ ಓದಿದ್ದಾಳೆ.

ರೋಗಿಯ ಗುಟ್ಟಿನ ಚೀಟಿ: ‘ನಿಮಗೆ ನಿನ್ನೆ ಸ್ವಲ್ಪ ರಕ್ತ ಹೋಗಿದೆ. ಅತ್ತೆಯ ಮುಂದೆ ಹೇಳುವುದಿಲ್ಲ. ವೈದ್ಯರು ಅವಸರ ತೋರಿಸಿದರೆ ಎಲ್ಲಕ್ಕೂ ನಕ್ಕು ತಲೆಯಾಡಿಸಿ. ಉದ್ದ ವಾಕ್ಯ ಬರೆದುಕೊಟ್ಟರೆ ಮೊದಲ ಎರಡು ಪದ ಮಾತ್ರ ಅರ್ಥವಾಗುತ್ತದೆ.’ ಅತ್ತೆಯ ಚೀಟಿ: ‘ಪ್ರತಿ ಪ್ರಶ್ನೆಗೂ ಸೊಸೆಯನ್ನು ಕೇಳದೆ ನೀವೇ ಉತ್ತರ ಕೊಡಿ.’

ವೈದ್ಯರ ಪಾತ್ರ ಮಾಡಿದವರು ಸಾಮಾನ್ಯವಾಗಿ ಹೀಗೆ ಶುರುಮಾಡುತ್ತಾರೆ:

‘ಏನಮ್ಮಾ, ಇವ್ರಿಗೆ ಎಷ್ಟು ದಿನದಿಂದ ತೊಂದ್ರೆ?’
‘ಮೂರು ದಿನ ಡಾಕ್ಟ್ರೇ. ಬೇರೇನೂ ಇಲ್ಲ.’
‘ಜ್ವರ, ಬ್ಲೀಡಿಂಗ್ ಏನೂ ಇಲ್ಲ ತಾನೇ?’
‘ಇಲ್ಲ ಇಲ್ಲ.’

ನಾಲ್ಕು ಸಾಲಿನಲ್ಲಿ ರೋಗಿಯೇ ಮಾಯ. ‘ಇಲ್ಲ ತಾನೇ’ ಎಂಬ ಪ್ರಶ್ನೆಯಲ್ಲಿ ಇನ್ನೊಂದು ಅಪಾಯವಿದೆ. ಕನ್ನಡದಲ್ಲಿ ಅದಕ್ಕೆ ‘ಹೌದು’ ಎಂದರೂ ಇಲ್ಲವೆಂದೇ ಅರ್ಥವಾಗಬಹುದು, ‘ಇಲ್ಲ’ ಎಂದರೂ ಹಾಗೆಯೇ. ತಲೆಯಾಡಿಸುವ ರೋಗಿಯ ಮುಂದೆ ಇಂಥ ಪ್ರಶ್ನೆ ಇಟ್ಟರೆ ಬರುವ ಉತ್ತರಕ್ಕೆ ಬೆಲೆಯೇ ಇಲ್ಲ.

ಈಗ ನಿಲ್ಲಿಸಿ, ಮತ್ತೆ ಮಾಡಿಸಿ. ವೈದ್ಯರು ಮೊದಲು ರೋಗಿಯ ಕಣ್ಣು ನೋಡಿ ಕೈಮುಗಿಯಲಿ. ಬಳಿಕ ‘ಅಮ್ಮಾ, ಪರೀಕ್ಷೆ ಮಾಡ್ಬೇಕು, ನೀವು ಐದು ನಿಮಿಷ ಹೊರಗೆ ಕೂತಿರಿ’ ಎಂದು ಅತ್ತೆಯನ್ನು ಗೌರವದಿಂದಲೇ ಕಳಿಸಲಿ, ನರ್ಸ್ ಒಳಗೇ ಇರಲಿ. ಸಂಜ್ಞಾ ಭಾಷೆಯ ದುಭಾಷಿ ಸಿಕ್ಕರೆ ಅವರನ್ನು ವೈದ್ಯರ ಪಕ್ಕದಲ್ಲಿ, ತುಸು ಹಿಂದೆ ಕೂರಿಸಿ. ಆಗ ರೋಗಿಗೆ ಇಬ್ಬರ ಮುಖವೂ ಒಟ್ಟಿಗೆ ಕಾಣುತ್ತದೆ. ‘ಅವಳನ್ನು ಕೇಳಿ’ ಎನ್ನದೆ, ರೋಗಿಯನ್ನೇ ನೋಡುತ್ತ ‘ನಿಮಗೆ ಎಲ್ಲಿ ನೋವು’ ಎಂದೇ ಕೇಳಿ. ನೇರವಾಗಿ ಬರಲಾಗದ ದುಭಾಷಿ ವಿಡಿಯೊ ಕರೆಯಲ್ಲಿ ಸಿಗಬಹುದು, ಫೋನನ್ನು ಕೈಯಲ್ಲಿ ಹಿಡಿಯದೆ ನಿಲ್ಲಿಸಿಡಿ.

ದುಭಾಷಿ ಸಿಗದ ದಿನಗಳೇ ಹೆಚ್ಚು. ಆಗ ಬಿಳಿ ಹಾಳೆ, ಪೆನ್ನು. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಹುಟ್ಟು ಕಿವುಡರಿಗೆ ಕನ್ನಡ ಕಿವಿಯ ಮೂಲಕ ಬಂದ ಭಾಷೆಯಲ್ಲ, ಶಾಲೆಯಲ್ಲಿ ಕಣ್ಣಿನಿಂದ ಕಲಿತ ಎರಡನೆಯ ಭಾಷೆ. ಭಾರತೀಯ ಸಂಜ್ಞಾ ಭಾಷೆಗೆ ಅದರದೇ ವ್ಯಾಕರಣ ಇದೆ, ನಮ್ಮ ವಿಭಕ್ತಿ ಪ್ರತ್ಯಯಗಳು ಅಲ್ಲಿಲ್ಲ. ‘ಊಟಕ್ಕಿಂತ ಮುಂಚೆ ತೆಗೆದುಕೊಳ್ಳದೆ ಊಟವಾದ ನಂತರವೇ ಸೇವಿಸಿ’ ಎಂಬ ವಾಕ್ಯದಲ್ಲಿ ಅವಳ ಕಣ್ಣಿಗೆ ಮೊದಲು ಬೀಳುವುದು ಊಟ, ಮುಂಚೆ. ಮಾತ್ರೆ ಖಾಲಿ ಹೊಟ್ಟೆಗೆ ಹೋಗುತ್ತದೆ.

ಬದಲಿಗೆ ಒಂದು ಸಾಲಿಗೆ ಒಂದೇ ಪ್ರಶ್ನೆ ಬರೆದು, ಕೆಳಗೆ ಬೆರಳಿಟ್ಟು ತೋರಿಸಲು ‘ಹೌದು’, ‘ಇಲ್ಲ’, ‘ಗೊತ್ತಿಲ್ಲ’ ಎಂದು ಮೂರು ಚೌಕ ಬಿಡಿ:

ಜ್ವರ?
ಚಳಿ, ನಡುಕ?
ಕೆಳಗೆ ರಕ್ತ?
ಮಗು ಅಲುಗಾಟ?
ಹಿಂದೆ ಮಾತ್ರೆ ತಿಂದು ಮೈಮೇಲೆ ಗುಳ್ಳೆ?

ಪಕ್ಕದಲ್ಲಿ ಹೆಣ್ಣಿನ ದೇಹದ ಮುಂಭಾಗ, ಹಿಂಭಾಗದ ಗೆರೆಚಿತ್ರ ಇರಲಿ, ನೋವಿನ ಜಾಗವನ್ನು ಅವಳೇ ಮುಟ್ಟಿ ತೋರಿಸಲಿ. ಅತ್ತೆ ಹೊರಗೆ ಹೋಗಿ, ಮೂರನೆಯ ಸಾಲು ಮುಂದೆ ಬಂದಾಗ ಮಾತ್ರ ರಕ್ತದ ಸಂಗತಿ ಹೊರಬರುತ್ತದೆ. ಐದು ತಿಂಗಳ ಬಸುರಿಗೆ ರಕ್ತ ಕಂಡಿದೆ ಎಂದಾದರೆ ಉರಿಮೂತ್ರದ ಮಾತ್ರೆ ಬರೆದು ಕಳಿಸುವ ಕೇಸಲ್ಲ ಅದು, ಅಂದೇ ಸ್ತ್ರೀರೋಗ ತಜ್ಞರು ನೋಡಬೇಕಾದದ್ದು. ಚರ್ಚೆಯಲ್ಲಿ ಈ ಒಂದು ಅಂಶವನ್ನು ಬಿಡಬೇಡಿ: ಮೊದಲ ಅಭಿನಯದಲ್ಲಿ ಎಷ್ಟು ಗುಂಪುಗಳಿಗೆ ರಕ್ತದ ಸಂಗತಿ ಸಿಕ್ಕಿತು, ಎರಡನೆಯದರಲ್ಲಿ ಎಷ್ಟಕ್ಕೆ?

ಪರೀಕ್ಷೆಗೆ ಮಲಗಿಸುವ ಮೊದಲೇ ಏನು ಮಾಡುತ್ತೀರಿ ಎಂದು ತೋರಿಸಿಬಿಡಿ, ಮಲಗಿದ ಮೇಲೆ ನಿಮ್ಮ ಮುಖ ಅವಳಿಗೆ ಕಾಣದು. ‘ಉಸಿರು ಹಿಡಿ’ ಎನ್ನಲು ಕೈ ಎತ್ತುವುದು, ‘ಬಿಡು’ ಎನ್ನಲು ಇಳಿಸುವುದು ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಡ್ರಿಪ್ ಹಾಕಬೇಕಾದರೆ ಯಾವ ಕೈಯಲ್ಲಿ ಹೆಚ್ಚು ಸಂಜ್ಞೆ ಮಾಡುತ್ತಾಳೆ ಎಂದು ನೋಡಿ ಇನ್ನೊಂದು ಕೈಗೆ ಸೂಜಿ ಹಾಕಿ. ಎರಡೂ ಕೈ ಕಟ್ಟಿದರೆ ಅವಳ ಬಾಯಿ ಕಟ್ಟಿದಂತೆಯೇ.

ಕೊನೆಗೆ ಮಾತ್ರೆಯ ಪಾಠ. ಸೂರ್ಯ ಬರೆದು, ಪಕ್ಕದಲ್ಲಿ ತಟ್ಟೆ, ತಟ್ಟೆಯ ನಂತರ ಒಂದು ಮಾತ್ರೆ. ಚಂದ್ರ, ತಟ್ಟೆ, ಇನ್ನೊಂದು ಮಾತ್ರೆ. ದಿನಗಳನ್ನು ಕ್ಯಾಲೆಂಡರಿನಲ್ಲೇ ಗೀಟು ಹಾಕಿ ತೋರಿಸಿ. ‘ಅರ್ಥ ಆಯ್ತಾ?’ ಎಂದು ಕೇಳಬೇಡಿ, ಉತ್ತರ ಯಾವಾಗಲೂ ಹೌದೇ. ಮಾತ್ರೆಯ ಪಟ್ಟಿಯನ್ನು ಅವಳ ಕೈಗೆ ಕೊಟ್ಟು, ನಾಳೆ ಇಡೀ ದಿನ ಹೇಗೆ ತಿನ್ನುತ್ತೀರಿ ಎಂದು ಮಾಡಿ ತೋರಿಸಲು ಹೇಳಿ. ತಪ್ಪಾದರೆ ನಿಮ್ಮ ಚಿತ್ರವನ್ನು ತಿದ್ದಿ, ಅವಳನ್ನಲ್ಲ.

ಸನ್ನಿವೇಶ 3: ಕೇಳುತ್ತದೆ, ಮಾತು ಬರುತ್ತಿಲ್ಲ

ಪಾರ್ಶ್ವವಾಯು ಬಡಿದು ನಾಲ್ಕು ದಿನವಾದ ಐವತ್ತೆಂಟರ ರೈತ. ಕಿವಿ ಚೆನ್ನಾಗಿದೆ, ಕೂಗುವ ಅಗತ್ಯವಿಲ್ಲ. ಮೊದಲು ತಿಳಿಯಬೇಕಾದದ್ದು ಕೆಟ್ಟಿರುವುದು ನಾಲಿಗೆಯೋ ಭಾಷೆಯೋ ಎಂಬುದು. ನಾಲಿಗೆ ತೊದಲುತ್ತಿದ್ದು ಭಾಷೆ ಉಳಿದಿದ್ದರೆ ಪೆನ್ನು ಅಥವಾ ಅಕ್ಷರಮಾಲೆಯ ಹಲಗೆ ಕೊಟ್ಟರೆ ಸಾಕು, ಓದುಬರಹ ಬಲ್ಲವರು ತೋರಿಸುತ್ತಾರೆ. ಮಿದುಳಿನ ಭಾಷೆಯ ಭಾಗಕ್ಕೇ ಏಟು ಬಿದ್ದಿದ್ದರೆ ಬರೆಯುವುದೂ ಬಾರದು. ಆಗ ಪೆನ್ನು ಮುಂದಿಟ್ಟು ‘ಬರೀರಿ’ ಎಂದು ಒತ್ತಾಯಿಸುವುದು ಹಿಂಸೆ.

ಇಂಥವರ ‘ಹೌದು, ಇಲ್ಲ’ಗಳು ಅದಲುಬದಲಾಗುವುದುಂಟು. ನೋವಿದೆಯೇ ಎಂದು ಕೇಳುವ ಮುಂಚೆ ಉತ್ತರ ನಿಮಗೆ ಗೊತ್ತಿರುವ ನಾಲ್ಕು ಪ್ರಶ್ನೆ ಕೇಳಿ, ಎರಡಕ್ಕೆ ಹೌದು, ಎರಡಕ್ಕೆ ಇಲ್ಲ ಬರುವಂತೆ. ‘ಇದು ಆಸ್ಪತ್ರೆಯಾ?’ ‘ನೀವು ಈಗ ಗದ್ದೇಲಿದ್ದೀರಾ?’ ನಾಲ್ಕೂ ಸರಿಯಾದರೆ ಮುಂದಿನ ಉತ್ತರಗಳ ಮೇಲೆ ಭರವಸೆ ಇಡಬಹುದು. ತಪ್ಪಾದರೆ ತಲೆಯಾಡಿಸುವುದನ್ನು ಬಿಟ್ಟು ಚಿತ್ರ ತೋರಿಸಿ: ನೀರಿನ ಲೋಟ, ಶೌಚಾಲಯ, ಹೊದಿಕೆ, ನೋವಿನ ಮುಖ. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತು ಎಣಿಸಿ. ಅಭಿನಯದಲ್ಲಿ ಗಮನಿಸುವವರು ಗಡಿಯಾರ ಹಿಡಿದು ಕೂತರೆ, ಬಹುತೇಕ ವಿದ್ಯಾರ್ಥಿಗಳು ಮೂರನೆಯ ಸೆಕೆಂಡಿಗೇ ಇನ್ನೊಂದು ಪ್ರಶ್ನೆ ಹಾಕುವುದು ಕಾಣುತ್ತದೆ. ರೋಗಿ ಹುಡುಕುತ್ತಿದ್ದ ಪದ ಅಷ್ಟಕ್ಕೆ ಜಾರಿಹೋಗಿರುತ್ತದೆ.

ಯಾವ ದಾರಿ ಕೆಲಸ ಮಾಡಿತು ಎಂಬುದನ್ನು ಒಂದು ಸಾಲಿನಲ್ಲಿ ಕೇಸ್‌ಶೀಟಿನ ಮೇಲ್ತುದಿಯಲ್ಲಿ ಬರೆಯುವುದರೊಂದಿಗೆ ಸನ್ನಿವೇಶ ಮುಗಿಯಲಿ. ‘ಕಿವಿ ಕೇಳುತ್ತದೆ. ಹೌದು–ಇಲ್ಲ ನಂಬುವಂತಿಲ್ಲ. ಚಿತ್ರ ತೋರಿಸಿ, ಕಾಯಿರಿ.’ ರಾತ್ರಿ ಪಾಳಿಗೆ ಬರುವ ಸಿಸ್ಟರ್ ಮೊದಲು ಓದುವುದು ಅದನ್ನೇ.